ಕಣ್ಣುಕುಟಿಕೆಯ ನೋವು ಹೋಯಿತು, ಗಂಟು ಹೋಗಿಲ್ಲ. ಇದು ಕಲೇಜಿಯನ್ ಇರಬಹುದಾ?

ಮೂರು ವಾರದ ಹಿಂದೆ ನನ್ನ ಬಲಗಣ್ಣಿನ ಮೇಲಿನ ರೆಪ್ಪೆ ಕೆಂಪಾಗಿ ಊದಿಕೊಂಡಿತು. ಮುಟ್ಟಿದರೆ ಸಾಕು, ಜೀವ ಹೋಗುವಷ್ಟು ನೋವು. ಕೂದಲಿನ ಬುಡದ ಹತ್ತಿರ ಹಳದಿ ಮೊನೆ ಬೇರೆ ಕಾಣುತ್ತಿತ್ತು. ಕಣ್ಣುಕುಟಿಕೆ ಅಂತ ಅನುಮಾನವೇ ಇರಲಿಲ್ಲ. ಹಿಂಡಲಿಲ್ಲ, ಹಿಂಡಿದರೆ ಸೋಂಕು ಹರಡುತ್ತದೆ ಅಂತ ಗೊತ್ತಿತ್ತು. ದಿನಕ್ಕೆ ನಾಲ್ಕು ಸಲ, ಹತ್ತತ್ತು ನಿಮಿಷ ಬಿಸಿನೀರಿನ ಬಟ್ಟೆ ಇಟ್ಟೆ. ಬಟ್ಟೆ ಎರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಐದನೇ ದಿನ ತಾನಾಗಿ ಒಡೆದು ಕೀವು ಬಂತು, ನೋವು ಇಳಿಯಿತು.

ಆದರೆ ಗಂಟು ಉಳಿದಿದೆ. ಈಗ ಅದು ಅಂಚಿನಲ್ಲಿಲ್ಲ, ಸ್ವಲ್ಪ ಮೇಲೆ, ರೆಪ್ಪೆಯ ಒಳಗೆ ಬಟಾಣಿ ಕಾಳಿನ ಹಾಗೆ ಗಟ್ಟಿಯಾಗಿದೆ. ಒತ್ತಿದರೂ ನೋವಿಲ್ಲ, ಮೇಲಿನ ಚರ್ಮ ಅದರ ಮೇಲೆ ಸಲೀಸಾಗಿ ಜಾರುತ್ತದೆ. ದೃಷ್ಟಿ ಸರಿ ಇದೆ, ಜ್ವರ ಇಲ್ಲ.

ಎಣ್ಣೆ ಗ್ರಂಥಿಯ ಬಾಯಿ ಕಟ್ಟಿಕೊಂಡು ಆಗುವ ನೋವಿಲ್ಲದ ಗಂಟೇ ಕಲೇಜಿಯನ್ ಅಂತ ಓದಿದ್ದೆ. ಕಣ್ಣುಕುಟಿಕೆ ಆದಮೇಲೆ ಅದು ಉಳಿಯುವುದೂ ಉಂಟಂತೆ. ಆದರೆ ನನ್ನದು ಒಡೆದಿದ್ದು ಅಂಚಿನಲ್ಲಿ, ಗಂಟು ಇರುವುದು ಮೇಲೆ. ನನ್ನ ತಲೆ ಕೆಟ್ಟಿರುವುದು ಇಲ್ಲೇ. ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಡ್ರಾಪ್ಸ್ ಹಾಕು ಅಂತ ಒಬ್ಬರು ಹೇಳಿದರು. ಸೋಂಕೇ ಇಲ್ಲದಿದ್ದರೆ ಸುಮ್ನೆ ಯಾಕೆ ಅಂತ ಹಾಕಿಲ್ಲ.

ಇಂಥದ್ದು ಆದವರು, ಅಥವಾ ಕಣ್ಣಿನ ವೈದ್ಯರು ಯಾರಾದರೂ ಇದ್ದರೆ ಹೇಳಿ: ಇದು ಅದೇ ಕುಟಿಕೆ ಗಟ್ಟಿಯಾಗಿದ್ದಾ, ಅಥವಾ ಪಕ್ಕದ ಗ್ರಂಥಿಯಲ್ಲಿ ಬೇರೆಯಾಗಿ ಆದದ್ದಾ? ಬಿಸಿ ಶಾಖ ಇನ್ನೂ ಎಷ್ಟು ವಾರ ಕೊಟ್ಟು ನೋಡಿ, ಆಮೇಲೆ ತೋರಿಸಲಿ?