ಅಪ್‌ಡೇಟ್: ಪ್ರೊಬೇಷನ್ ಮುಗಿಸುವ ಪತ್ರ ಕೊಟ್ಟಾಯಿತು

ನಾನು ಕೇಳಿದ್ದು: "ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಪ್ರೊಬೇಷನ್‌ನಲ್ಲಿರುವ ಸೇಲ್ಸ್‌ನವರೊಬ್ಬರನ್ನು ಕೆಲಸ ಸಾಲದೆಂದು ಬಿಡಿಸಬೇಕಾಗಿದೆ. ಪತ್ರದಲ್ಲಿ ಏನೇನು ಬರೆಯಬೇಕು?"

ಕರಡಿನಲ್ಲಿದ್ದ 'ಬೇಜವಾಬ್ದಾರಿ', 'ಅಪ್ರಾಮಾಣಿಕ' ಎಂಬ ಪದಗಳನ್ನು ವಕೀಲರು ಮೊದಲು ಹೊಡೆದುಹಾಕಿದರು. ನಡತೆಯ ಮೇಲೆ ಕಳಂಕ ಹೊರಿಸಿದರೆ ವಿಚಾರಣೆ ನಡೆಸಲೇಬೇಕಾಗುತ್ತದೆ; ಕೆಲಸ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ ಎಂದರೆ ಸಾಮಾನ್ಯವಾಗಿ ಆ ತೊಡಕಿಲ್ಲ. ಕೊನೆಗೆ ಉಳಿದದ್ದು ಹೀಗೆ:

"ತಿಂಗಳಿಗೆ 12 ಹೊಸ ಗ್ರಾಹಕರ ಗುರಿಯನ್ನು ಏಪ್ರಿಲ್ 8ರಂದು ನಿಮಗೆ ಲಿಖಿತವಾಗಿ ತಿಳಿಸಲಾಗಿತ್ತು. ಜೂನ್‌ನಲ್ಲಿ 5, ಆಗಸ್ಟ್‌ನಲ್ಲಿ 4 ಮಾತ್ರ ಆಗಿದ್ದು, ಎರಡೂ ಪರಿಶೀಲನಾ ಸಭೆಗಳಲ್ಲಿ ಇದನ್ನು ಚರ್ಚಿಸಲಾಗಿದೆ. ನೇಮಕಾತಿ ಪತ್ರದ 6ನೇ ಷರತ್ತಿನಂತೆ ನಿಮ್ಮ ಸೇವೆಯನ್ನು ಕೊನೆಗೊಳಿಸಲಾಗಿದೆ."

ಸಭೆ ನಡೆದ ದಿನವೇ ಕಳಿಸಿದ್ದ ಇಮೇಲ್‌ಗಳನ್ನು ಕಡತದಲ್ಲಿಟ್ಟಿದ್ದೇವೆ. ಬಿಡಿಸುವ ವಾರ ಕೂತು ಬರೆದ ಟಿಪ್ಪಣಿಯನ್ನು ಯಾರೂ ನಂಬುವುದಿಲ್ಲ ಬಿಡಿ.

ನೋಟಿಸ್ ವಿಷಯವೇ ಹೆಚ್ಚು ಸೂಕ್ಷ್ಮ. ಷರತ್ತಿನಲ್ಲಿ 15 ದಿನ ಎಂದಿತ್ತು. ಆದರೆ ಅವರು ಸೇರಿ ಆರು ತಿಂಗಳು ದಾಟಿತ್ತು. ಹಾಗಾದಾಗ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ ಸಕಾರಣದ ಜೊತೆಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ ಕೊಡಬೇಕು. ಸಂಬಳವನ್ನೇ ಕೊಟ್ಟು, ಪತ್ರದ ನಕಲಿನ ಮೇಲೆ ದಿನಾಂಕ ಸಮೇತ ಸಹಿ ಪಡೆದೆವು.