ಅಪ್‌ಡೇಟ್: ರಿಕ್ರೂಟರ್‌ಗೆ ಬರೆದ ಉದ್ದದ ಮೇಲ್ ಕೊನೆಗೂ ಚಿಕ್ಕದಾಯಿತು

ನನ್ನ ಪ್ರಶ್ನೆ: "ಆಫರ್‌ಗೆ ಉತ್ತರ ಕೊಡಲು ಇನ್ನೊಂದು ವಾರ ಬೇಕು ಅಂತ ರಿಕ್ರೂಟರ್‌ಗೆ ಮೇಲ್ ಬರೆದಿದ್ದೇನೆ. ಒಂದು ಪುಟ ದಾಟಿದೆ. ಕೇಳಬೇಕಾದದ್ದು ಕಳೆದುಹೋಗದ ಹಾಗೆ ಹೇಗೆ ಚಿಕ್ಕದು ಮಾಡಲಿ?"

ಮೇಲ್ ಕಳಿಸಿದೆ, ಸಮಯವೂ ಸಿಕ್ಕಿತು! ಕೈ ಹಿಡಿದದ್ದು, ಡ್ರಾಫ್ಟ್ ಮುಚ್ಚಿಟ್ಟು ಬೇಕಾದದ್ದನ್ನು ಒಂದೇ ಸಾಲಿನಲ್ಲಿ ಹೊಸದಾಗಿ ಬರೆಯಿರಿ ಅನ್ನೋ ಸಲಹೆ. ಆ ಸಾಲು ಮೊದಲಿಗೆ ಬಂತು. ಆಮೇಲೆ ಹಳೆಯದರ ಒಂದೊಂದೇ ವಾಕ್ಯ ನೋಡಿ, ಇದಿಲ್ಲದೆ ಅವರು ಹೂಂ ಅಥವಾ ಇಲ್ಲ ಅನ್ನಬಹುದಾ ಅಂತ ಕೇಳಿಕೊಂಡೆ. ಉಳಿದದ್ದು ಇಷ್ಟೇ:

"ಆಫರ್‌ಗೆ ಧನ್ಯವಾದ. ಉತ್ತರ ಕೊಡಲು 12ರ ಬದಲು 19ನೇ ತಾರೀಕಿನವರೆಗೆ ಸಮಯ ಸಿಗಬಹುದೇ? ಇನ್ನೊಂದು ಕಂಪನಿಯ ಕೊನೆಯ ಸುತ್ತಿನ ಫಲಿತಾಂಶ 17ಕ್ಕೆ ಬರುತ್ತದೆ. 19 ಕಷ್ಟವಾದರೆ, ಯಾವ ದಿನದವರೆಗೆ ಸಾಧ್ಯ ತಿಳಿಸಿ."

ಮೇಲಿನಿಂದ ಪದ ಪದ ಕತ್ತರಿಸುವ ಸಲಹೆ ನನಗೆ ಆಗಲಿಲ್ಲ. ಮೇಲ್ ಗಿಡ್ಡವಾಯಿತು, ಆದರೆ ಕೋರಿಕೆ ಮಾತ್ರ ತಳದಲ್ಲೇ ಉಳಿಯಿತು. ಬುಲೆಟ್ ಹಾಕಿದರೆ ಷರತ್ತುಗಳ ಪಟ್ಟಿ ಥರ ಕಾಣುತ್ತಿತ್ತು.

ಗೊತ್ತಿಲ್ಲದೇ ಇದ್ದ ವಿಷಯ ಒಂದಿದೆ. ದಿನಾಂಕ ಬದಲಿಸುವುದು ರಿಕ್ರೂಟರ್ ಕೈಯಲ್ಲಿ ಇರಲಿಲ್ಲ. ಅವರು ನನ್ನ ಮೇಲ್ ಅನ್ನು ಹಾಗೇ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿದರು. ಸಬ್ಜೆಕ್ಟ್‌ನಲ್ಲಿ ಹುದ್ದೆಯ ಹೆಸರು, ಒಳಗೆ ಹಳೆಯ ಮತ್ತು ಹೊಸ ದಿನಾಂಕ ಎರಡೂ ಇದ್ದದ್ದರಿಂದ ಮ್ಯಾನೇಜರ್ ಏನೂ ತಿರುಗಿ ಕೇಳಬೇಕಾಗಲಿಲ್ಲ. ಸುಮ್ನೆ "ಇನ್ನೂ ಸ್ವಲ್ಪ ದಿನ" ಅಂತ ಬರೆದಿದ್ದರೆ ಅಲ್ಲೇ ಇನ್ನೊಂದು ಸುತ್ತು ಮೇಲ್ ಆಗುತ್ತಿತ್ತು ಅಲ್ವಾ?