ಎಮಿಸಿವಿಟಿಗೆ ಕನ್ನಡದಲ್ಲಿ ಏನೆನ್ನೋಣ? 12:1ರ ‘ಚುಕ್ಕಿ’ ಯಾವುದು?

ಬಲ್ಲವರಲ್ಲಿ ಒಂದು ಕೇಳಿಕೆ. ಚಿಕ್ಕಮಗಳೂರಿನ ಸುತ್ತ ಸಣ್ಣ ಪ್ರಮಾಣದಲ್ಲಿ ಕಾಫಿ ಹುರಿಯುವವರಿಗಾಗಿ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಅಂಗಡಿಯವರು ‘ಟೆಂಪರೇಚರ್ ಗನ್’ ಎಂದು ಮಾರುವ ಅವಗೆಂಪು ತಾಪಮಾಪಕದ ಭಾಗದಲ್ಲಿ ಎರಡು ಪದಗಳು ಕೈಕೊಟ್ಟಿವೆ. ಮೇಲ್ಮೈಯೊಂದು ತನ್ನ ಶಾಖವನ್ನು ಎಷ್ಟು ಚೆನ್ನಾಗಿ ಹೊರಬಿಡುತ್ತದೆ ಎಂದು ಹೇಳುವ ಅಂಕಿಯಾದ ಎಮಿಸಿವಿಟಿಗೆ ‘ಉತ್ಸರ್ಜನಾಂಕ’ ಎಂದು ಬರೆದೆ. ಓದಿದವರೊಬ್ಬರು, ಹೊಗೆ ಎಷ್ಟು ಬರುತ್ತದೆ ಎಂಬ ಲೆಕ್ಕವೇ ಎಂದು ಕೇಳಿದರು. ಗನ್ನಿನ ಮೇಲೆ ಅಚ್ಚಾಗಿರುವ 12:1ಕ್ಕೆ ‘ದೂರ–ಚುಕ್ಕಿ ಅನುಪಾತ’ ಎಂದರೆ ಎಲ್ಲರ ಕಣ್ಣೂ ಕೆಂಪು ಲೇಸರ್ ಚುಕ್ಕಿಗೇ ಹೋಗುತ್ತದೆ. ಪದ ತಪ್ಪಿದರೆ ಅಳತೆಯೂ ತಪ್ಪುತ್ತದೆ: ಡ್ರಮ್ಮಿನ ಮುಂದಿನ ಹೊಳೆಯುವ ಸ್ಟೀಲ್ ತಗಡಿಗೆ ಗನ್ ಹಿಡಿದರೆ 65 ಡಿಗ್ರಿ ತೋರಿಸುತ್ತದೆ, ಅದೇ ತಗಡಿಗೆ ಬಿಗಿದಿರುವ ಥರ್ಮೋಕಪಲ್ 180 ಎನ್ನುತ್ತದೆ.

*ಅರಸೀಕೆರೆಯಿಂದ, ನಿವೃತ್ತ ಕನ್ನಡ ಅಧ್ಯಾಪಕಿ:*
ಈ ಯಂತ್ರಗಳನ್ನು ನಂಬಲೇಬಾರದು. ಕೊರೊನಾ ಕಾಲದಲ್ಲಿ ನನ್ನ ಹಣೆಗೆ ಹಿಡಿದು 34 ಎಂದರು, ನಾನೋ ಜ್ವರದಲ್ಲಿ ನಡುಗುತ್ತಿದ್ದೆ. ಪದದ ಮಾತಿಗೆ ಬಂದರೆ, ‘ಉತ್ಸರ್ಜನೆ’ ಕಿವಿಗೆ ‘ವಿಸರ್ಜನೆ’ಯ ತಂಗಿಯಂತೆ ಕೇಳುತ್ತದೆ. ‘ಸೂಸು’ ಎಂಬ ಅಚ್ಚಗನ್ನಡ ಧಾತು ಇರುವಾಗ ‘ಸೂಸುಮೆ’ ಎಂದರೆ ಸಾಲದೆ?

*ಹಾಸನದಿಂದ, ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯವರು:*
ಪದ ಯಾವುದಾದರೂ ಇರಲಿ ಸರ್. ಗನ್ ಕಾರ್ಖಾನೆಯಿಂದ 0.95ಕ್ಕೆ ಹೊಂದಿಸಿ ಬಂದಿರುತ್ತದೆ. ಹೊಳೆಯುವ ಸ್ಟೀಲಿಗೆ ಅದನ್ನು 0.15ಕ್ಕೆ ಇಳಿಸಿ, ಸರಿಯಾದ ಅಂಕಿ ಬರುತ್ತದೆ. ಇಷ್ಟೇ ವಿಷಯ.

*ಹಾಸನದಿಂದ, ಮಾಪಕಗಳ ತಪಾಸಣೆಯಲ್ಲಿರುವವರು:*
ಅಧ್ಯಾಪಕರೇ, ನಿಮ್ಮ ಹಣೆಯದು ಬೇರೆ ಕಥೆ. ಚರ್ಮ ಬಹಳ ಚೆನ್ನಾಗಿ ಸೂಸುತ್ತದೆ, ಆದರೆ ಅದರ ಮೇಲ್ಮೈ ಒಳಮೈಗಿಂತ ತಣ್ಣಗಿರುತ್ತದೆ. ಇಲ್ಲಿನ ತೊಡಕು ಲೋಹದ ಹೊಳಪಿನದು. ಅಂಥ ತಗಡಿನಿಂದ ಗನ್ನಿಗೆ ಸೇರುವುದರಲ್ಲಿ ತಗಡು ತಾನಾಗಿ ಸೂಸಿದ್ದು ಸ್ವಲ್ಪವೇ. ಉಳಿದದ್ದು ಎದುರಿನ ಗೋಡೆ, ಚಾವಣಿ, ಗನ್ ಹಿಡಿದವರ ಅಂಗಿ ಇವುಗಳಿಂದ ಬಂದು ಪುಟಿದದ್ದು. ಕೋಣೆ 30 ಡಿಗ್ರಿಯಲ್ಲಿದ್ದು, ತಗಡಿನ ಅಂಕಿ 0.15 ಎಂದಿಟ್ಟು ಲೆಕ್ಕ ಹಾಕಿದರೆ, 180ರ ತಗಡು ಗನ್ನಿಗೆ 65ರ ಹತ್ತಿರವೇ ಕಾಣುತ್ತದೆ. ನಿಮ್ಮ ಗನ್ ಕೆಟ್ಟಿಲ್ಲ.

ಅಂಗಡಿಯವರ ಮಾತು ಅರ್ಧ ಸರಿ. 0.15 ಎಂದು ಕೊಟ್ಟರೆ ಸರಿಹೋಗುವುದು ತಗಡು ನಿಜಕ್ಕೂ 0.15 ಆಗಿದ್ದರೆ ಮಾತ್ರ. ಕಾಫಿಯ ಎಣ್ಣೆ ಅಂಟಿ, ಉಜ್ಜಿದ ಗೀರು ಬಿದ್ದು ಅದು 0.20 ಆಗಿದ್ದರೆ ಗನ್ 215ರ ಸುಮಾರಿಗೆ ಹಾರುತ್ತದೆ. ಮಂಕು ಕಪ್ಪು ಬಳಿದ ಮೇಲ್ಮೈಯಲ್ಲಿ 0.90ಕ್ಕೆ ಬದಲು 0.95 ಕೊಟ್ಟರೂ ತಪ್ಪುವುದು ಆರೇಳು ಡಿಗ್ರಿ. ಆದ್ದರಿಂದ ಅಂಕಿಯನ್ನಲ್ಲ, ಮೇಲ್ಮೈಯನ್ನು ಬದಲಿಸಿ. ಬೈಕಿನ ಸೈಲೆನ್ಸರಿಗೆ ಹೊಡೆಯುವ, ಶಾಖ ತಡೆಯುವ ಮಂಕು ಕಪ್ಪು ಬಣ್ಣವನ್ನು ತಗಡಿನ ಮೇಲೆ ಐದು ಸೆಂಟಿಮೀಟರ್ ಅಗಲಕ್ಕೆ ಬಳಿಯಿರಿ. ವಿದ್ಯುತ್ ಕೆಲಸದ ಕಪ್ಪು ಟೇಪು ಈ ಶಾಖಕ್ಕೆ ತಾಳದು. ಆದರೆ ಪರೀಕ್ಷೆಗೆ ಅದೇ ಒಳ್ಳೆಯದು: ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಹೊರಗೆ ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ತುಂಡು ಅಂಟಿಸಿ ಅಳೆಯಿರಿ. ಚಿಕ್ಕಮಗಳೂರಿನ ಎತ್ತರದಲ್ಲಿ ನೀರು 96–97ಕ್ಕೆ ಕುದಿಯುತ್ತದೆ. ಟೇಪಿನ ಮೇಲೆ ಅದರ ಸಮೀಪದ ಅಂಕಿ ಬರುತ್ತದೆ, ಪಕ್ಕದ ಬರಿಯ ಸ್ಟೀಲಿನಲ್ಲಿ 40ರ ಆಸುಪಾಸು.

ಇನ್ನು ಚುಕ್ಕಿ. ಲೇಸರ್ ಗುರಿ ತೋರಿಸುವ ಬೆರಳಷ್ಟೇ, ಅದು ಏನನ್ನೂ ಅಳೆಯುವುದಿಲ್ಲ. 12:1 ಎಂದರೆ 60 ಸೆಂಟಿಮೀಟರ್ ದೂರದಿಂದ ಗನ್ ನೋಡುವುದು ಐದು ಸೆಂಟಿಮೀಟರ್ ಅಗಲದ ವೃತ್ತವನ್ನು, 24ರಿಂದ ಎರಡು ಸೆಂಟಿಮೀಟರಿನದನ್ನು. ವೃತ್ತದ ಅಂಚಿನಾಚೆಯಿಂದಲೂ ತುಸು ನುಸುಳುವುದರಿಂದ ಬಳಿದ ಜಾಗ ವೃತ್ತದ ಇಮ್ಮಡಿ ಇರಬೇಕು. ನಿಮ್ಮ ತೇಪೆಗೆ 24ರ ದೂರವೇ ತಕ್ಕದ್ದು. ಒಂಟಿ ಲೇಸರ್ ಮಸೂರದ ಪಕ್ಕದಲ್ಲಿರುವುದರಿಂದ ಹತ್ತಿರ ಹೋದಾಗ ಕೆಂಪು ಚುಕ್ಕಿ ವೃತ್ತದ ನಡುವಿನಿಂದ ಜರುಗಿರುತ್ತದೆ. ನಾನಾದರೆ ‘ಚುಕ್ಕಿ’ಯನ್ನು ಲೇಸರಿಗೇ ಬಿಟ್ಟು ಇದನ್ನು ‘ನೋಟದ ವೃತ್ತ’ ಎನ್ನುತ್ತೇನೆ. ಎಮಿಸಿವಿಟಿಗೆ ‘ಸೂಸುವ ಪಾಲು’.

*ಅರಸೀಕೆರೆಯಿಂದ:*
ಪಾಲು ಎಂದರೆ ಯಾವುದರ ಪಾಲು? ಪುಟಿದದ್ದೂ ಸೇರಿ ಗನ್ನಿಗೆ ಬಂದದ್ದರ ಪಾಲು ಎಂದೇ ನಾನು ಓದಿಕೊಂಡೆ.

*ಹಾಸನದ ತಪಾಸಣೆಯವರು:*
ಅಲ್ಲ, ಅಷ್ಟೇ ಬಿಸಿಯಾದ, ಏನನ್ನೂ ಪುಟಿಸದ ಕಪ್ಪು ಮೇಲ್ಮೈ ಸೂಸುವುದರ ಪಾಲು. ನಿಮ್ಮ ಆಕ್ಷೇಪ ಮಾತ್ರ ನ್ಯಾಯವೇ.

*ಚಿಕ್ಕಮಗಳೂರಿನಿಂದ, ಕೇಳಿದವನು:*
‘ನೋಟದ ವೃತ್ತ’ವನ್ನು ಕೈಪಿಡಿಗೆ ಸೇರಿಸಿದೆ. ಕಪ್ಪು ತೇಪೆಯ ಮೇಲೆ ಗನ್ 176, ಥರ್ಮೋಕಪಲ್ 180. ‘ಸೂಸುಮೆ’ಯೋ ‘ಸೂಸುವ ಪಾಲೋ’ ತೀರ್ಮಾನವಾಗುವ ತನಕ ಎಮಿಸಿವಿಟಿಯನ್ನು ಹಾಗೆಯೇ ಇಟ್ಟಿದ್ದೇನೆ. ಸುತ್ತಲಿನಿಂದ ಬಂದು ತಗಡಿನಲ್ಲಿ ಪುಟಿಯುವ ಆ ಶಾಖಕ್ಕೆ ‘ಪ್ರತಿಫಲಿತ ಉಷ್ಣತೆ’ಗಿಂತ ಹಗುರವಾದ ಮಾತು ಯಾರಲ್ಲಾದರೂ ಇದೆಯೇ?